ಅಡಿಕೆ ಸಾಲಿನಲ್ಲಿ ಡ್ರೋನ್: ಕಾಣದ ಜಾಗವೆಲ್ಲ ಖಾಲಿಯಲ್ಲ

ಅಡಿಕೆ ತೋಟದಲ್ಲಿ ಸಸಿಯಿಂದ ಸಸಿಗೆ ಸಾಮಾನ್ಯವಾಗಿ 2.7 ಮೀಟರ್, ಅಂದರೆ ಹೆಚ್ಚುಕಡಿಮೆ ಒಂಬತ್ತು ಅಡಿ ಅಂತರ ಬಿಡುತ್ತಾರೆ. ಬೆಳೆದ ಮರದ ಕಾಂಡ 15 ಸೆಂ.ಮೀ. ದಪ್ಪ ಎಂದಿಟ್ಟುಕೊಂಡರೆ ಎರಡು ಸಾಲಿನ ನಡುವೆ ಉಳಿಯುವ ದಾರಿ 2.55 ಮೀಟರ್. ಈ ದಾರಿಯಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಮರದ ಬುಡಗಳ ಚಿತ್ರ ತೆಗೆಯುತ್ತ ಡ್ರೋನೊಂದು ತಾನೇ ತಾನಾಗಿ ಸಾಗಬೇಕು ಎನ್ನೋಣ. ಅದರ ಅಗಲ ಒಂದು ಕಡೆಯ ರೆಕ್ಕೆಯ ತುದಿಯಿಂದ ಇನ್ನೊಂದು ಕಡೆಯ ತುದಿಗೆ 80 ಸೆಂ.ಮೀ. ಅದು ಎಷ್ಟು ವೇಗವಾಗಿ ಹೋಗಬಹುದು?

ಉತ್ತರ ಮೋಟಾರಿನಲ್ಲಿಲ್ಲ, ಬ್ಯಾಟರಿಯಲ್ಲೂ ಇಲ್ಲ. ಅದು ಡ್ರೋನಿನ ಮೂತಿಗೆ ಕಟ್ಟಿದ ಕ್ಯಾಮೆರಾದಲ್ಲಿದೆ. ಈ ಕೆಲಸಕ್ಕೆ ಹವ್ಯಾಸಿಗಳೂ ಸಂಶೋಧಕರೂ ತುಂಬ ಬಳಸಿರುವುದು ಇಂಟೆಲ್ ಸಂಸ್ಥೆ 2018ರಲ್ಲಿ ಮಾರುಕಟ್ಟೆಗೆ ತಂದ ರಿಯಲ್‌ಸೆನ್ಸ್ ಡಿ435 ಎಂಬ ಡೆಪ್ತ್ ಕ್ಯಾಮೆರಾ. ಉದ್ದ 9 ಸೆಂ.ಮೀ., ದಪ್ಪ ಎರಡೂವರೆ ಸೆಂ.ಮೀ.; ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಮಾಮೂಲಿ ಕ್ಯಾಮೆರಾ ಎದುರಿನ ದೃಶ್ಯದ ಬಣ್ಣ ಹೇಳಿದರೆ, ಇದು ದೃಶ್ಯದ ಒಂದೊಂದು ಬಿಂದುವೂ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ.

ಹೇಳುವ ಬಗೆ ಸರಳವಾಗಿದೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ನಂತರ ಇನ್ನೊಂದು ಮುಚ್ಚಿದರೆ ಬೆರಳು ಪಕ್ಕಕ್ಕೆ ಜರುಗಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಹೆಚ್ಚು ಜರುಗುತ್ತದೆ. ಡಿ435ರ ಎರಡು ಕಣ್ಣುಗಳ ನಡುವಿನ ಅಂತರ 5 ಸೆಂ.ಮೀ. ಎಡಗಣ್ಣಿನ ಚಿತ್ರದಲ್ಲಿ ಕಂಡ ತೊಗಟೆಯ ಒಂದು ಗುರುತನ್ನು ಬಲಗಣ್ಣಿನ ಚಿತ್ರದಲ್ಲಿ ಹುಡುಕಿ, ಅದು ಎಷ್ಟು ಪಿಕ್ಸೆಲ್ ಸರಿದಿದೆ ಎಂದು ಅಳೆಯುತ್ತದೆ. ಸರಿದದ್ದು ಗೊತ್ತಾದರೆ ದೂರ ಗೊತ್ತಾದಂತೆ. 848 ಪಿಕ್ಸೆಲ್ ಅಗಲದ ಚಿತ್ರದಲ್ಲಿ 1 ಮೀಟರ್ ದೂರದ ಕಾಂಡ ಸುಮಾರು 21 ಪಿಕ್ಸೆಲ್ ಸರಿಯುತ್ತದೆ. 2 ಮೀಟರಿನಲ್ಲಿ ಅದರ ಅರ್ಧ, 4 ಮೀಟರಿನಲ್ಲಿ ಐದಕ್ಕಿಂತ ಸ್ವಲ್ಪ ಹೆಚ್ಚು, 8 ಮೀಟರಿನಲ್ಲಿ ಮೂರಕ್ಕಿಂತ ಕಡಿಮೆ.

ದೂರ ಹೆಚ್ಚಿದಂತೆ ಅಳತೆಗೆ ಸಿಗುವ ಪಿಕ್ಸೆಲ್‌ಗಳೇ ಕರಗುವುದರಿಂದ ತಪ್ಪು ಬೆಳೆಯುತ್ತದೆ, ಅದೂ ದೂರದ ವರ್ಗದಂತೆ. ಹೊಂದಾಣಿಕೆಯಲ್ಲಿ ಒಂದು ಪಿಕ್ಸೆಲ್‌ನ ಹತ್ತನೇ ಒಂದು ಭಾಗದಷ್ಟು ತಪ್ಪಾದರೆ 2 ಮೀಟರಿನಲ್ಲಿ 2 ಸೆಂ.ಮೀ. ವ್ಯತ್ಯಾಸ ಬರುತ್ತದೆ, 4 ಮೀಟರಿನಲ್ಲಿ ಏಳು, 8 ಮೀಟರಿನಲ್ಲಿ ಮೂವತ್ತು ಸೆಂ.ಮೀ. ತೋಟದ ಬಿಸಿಲು ನೆರಳಿನಲ್ಲಿ, ಡ್ರೋನಿನ ನಡುಕದಲ್ಲಿ ಹೊಂದಾಣಿಕೆ ಇಷ್ಟು ನಿಖರವಾಗಿ ಇರುವುದೂ ಇಲ್ಲ. ಕ್ಯಾಮೆರಾ 10 ಮೀಟರ್ ದೂರದ ಅಂಕಿಯನ್ನೂ ಕೊಡುತ್ತದೆ, ಆದರೆ ತಯಾರಕರೇ ಸೂಚಿಸುವ ಒಳ್ಳೆಯ ವ್ಯಾಪ್ತಿ ಸುಮಾರು 30 ಸೆಂ.ಮೀ.ನಿಂದ 3 ಮೀಟರ್.

ಈಗ ವೇಗದ ಲೆಕ್ಕ ಹಾಕಬಹುದು. ಕಾಂಡವೊಂದು ಎದುರಾದ ಕ್ಷಣದಿಂದ ಡ್ರೋನ್ ಬ್ರೇಕ್ ಹಿಡಿಯಲು ಆರಂಭಿಸುವವರೆಗೆ ಸಮಯ ಹಿಡಿಯುತ್ತದೆ. ಚಿತ್ರ ತೆಗೆಯಬೇಕು, ದೂರ ಲೆಕ್ಕ ಹಾಕಬೇಕು, ಪುಟ್ಟ ಕಂಪ್ಯೂಟರು ಅದನ್ನು ಆಟೋಪೈಲಟ್‌ಗೆ ದಾಟಿಸಬೇಕು, ಆಟೋಪೈಲಟ್ ಡ್ರೋನನ್ನು ಹಿಂದಕ್ಕೆ ವಾಲಿಸಬೇಕು. ಎಲ್ಲ ಸೇರಿ 0.3 ಸೆಕೆಂಡ್ ಎನ್ನೋಣ. ಆಮೇಲೆ ಡ್ರೋನ್ ಸುಮಾರು ಹನ್ನೊಂದೂವರೆ ಡಿಗ್ರಿ ಹಿಂದಕ್ಕೆ ವಾಲಿದರೆ ಪ್ರತಿ ಸೆಕೆಂಡಿಗೆ ಅದರ ವೇಗದಲ್ಲಿ ಸೆಕೆಂಡಿಗೆ 2 ಮೀಟರಿನಷ್ಟು ತಗ್ಗುತ್ತದೆ.

ಸೆಕೆಂಡಿಗೆ 2 ಮೀಟರ್, ಅಂದರೆ ಬಿರುಸಾಗಿ ನಡೆಯುವ ವೇಗದಲ್ಲಿ ಹಾರುತ್ತಿದ್ದರೆ, ಯೋಚನೆಯಲ್ಲೇ 60 ಸೆಂ.ಮೀ. ಕಳೆಯುತ್ತದೆ. ಬ್ರೇಕಿಗೆ 1 ಮೀಟರ್. ನಿಂತಾಗ ಡ್ರೋನಿನ ನಡುಭಾಗಕ್ಕೂ ಮರಕ್ಕೂ ಇನ್ನೂ 1 ಮೀಟರ್ ಅಂತರ ಉಳಿಯಬೇಕೆಂದರೆ ಒಟ್ಟು 2.6 ಮೀಟರ್ ಬೇಕು. ಕ್ಯಾಮೆರಾ ನೆಚ್ಚಿಕೆಯಿಂದ ಹೇಳುವ ವ್ಯಾಪ್ತಿಯೊಳಗೇ ಇದು ಮುಗಿಯುತ್ತದೆ. ವೇಗವನ್ನು ಇಮ್ಮಡಿ ಮಾಡಿ, ಸೆಕೆಂಡಿಗೆ 4 ಮೀಟರ್ ಎಂದರೆ 1.2 ಮೀಟರ್ ಯೋಚನೆಗೆ, 4 ಮೀಟರ್ ಬ್ರೇಕಿಗೆ, 1 ಮೀಟರ್ ಅಂತರಕ್ಕೆ: ಒಟ್ಟು 6.2 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ನಿಲ್ಲುವ ನಿರ್ಧಾರವನ್ನು ಆಗ ಕ್ಯಾಮೆರಾ ತಡವರಿಸುವ ದೂರದಲ್ಲೇ ಮಾಡಬೇಕಾಗುತ್ತದೆ. ಈ ಡ್ರೋನ್ ನಿಧಾನವಾಗಿ ಹೋಗಬೇಕಾದದ್ದು ಇದಕ್ಕೇ.

ಆದರೆ ದೂರದ ಅಂಕಿ ಬಂದಿತೆಂದರೆ ಅಡಚಣೆ ಸಿಕ್ಕಿತು ಎಂದಲ್ಲ. ಒಂದೊಂದು ಚಿತ್ರದಲ್ಲೂ ನಾಲ್ಕು ಲಕ್ಷ ಬಿಂದುಗಳಿರುತ್ತವೆ, ಸೆಕೆಂಡಿಗೆ 30 ಚಿತ್ರ ಬರಬಹುದು. ಆಟೋಪೈಲಟ್ ಚಿಪ್ಪಿಗೆ ಇಷ್ಟನ್ನು ಜೀರ್ಣಿಸಿಕೊಳ್ಳುವ ಶಕ್ತಿಯಿಲ್ಲ. ಅದಕ್ಕೆ ಡ್ರೋನಿನ ಮೇಲೆ ರಾಸ್ಪ್‌ಬೆರಿ ಪೈನಂಥ ಎರಡನೆಯ ಕಂಪ್ಯೂಟರು ಕೂರುತ್ತದೆ. ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶ ಬಳಸುವವರ ರೂಢಿಯಲ್ಲಿ ಈ ಕಂಪ್ಯೂಟರು ಇಡೀ ಚಿತ್ರವನ್ನು 72 ಅಂಕಿಗಳಿಗೆ ಇಳಿಸುತ್ತದೆ. ಕ್ಯಾಮೆರಾದ ನೋಟದ ಅಗಲ ಸುಮಾರು 87 ಡಿಗ್ರಿ. ಅದನ್ನು 72 ಹೋಳು ಮಾಡಿದರೆ ಒಂದೊಂದೂ 1.2 ಡಿಗ್ರಿಯ ಸಣ್ಣ ಬೀಸು. ಪ್ರತಿ ಬೀಸಿನಲ್ಲಿ ಎಲ್ಲಕ್ಕಿಂತ ಹತ್ತಿರದ ವಸ್ತು ಎಷ್ಟು ಸೆಂ.ಮೀ. ದೂರದಲ್ಲಿದೆ ಎಂಬ ಒಂದೇ ಅಂಕಿ. ಈ 72 ಅಂಕಿಗಳು `OBSTACLE_DISTANCE` ಎಂಬ ಸಂದೇಶವಾಗಿ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಆಟೋಪೈಲಟ್‌ಗೆ ಹೋಗುತ್ತವೆ.

ಚಿತ್ರದ ಮೇಲಿನಿಂದ ಕೆಳಗಿನವರೆಗೂ ನೋಡಿ ಹತ್ತಿರದ್ದನ್ನು ಆರಿಸಿದರೆ ಎಡವಟ್ಟಾಗುತ್ತದೆ. ಮುಂದಕ್ಕೆ ಸಾಗಲು ಡ್ರೋನ್ ಮೂತಿ ತಗ್ಗಿಸಲೇಬೇಕು. ವೇಗ ಹೆಚ್ಚಿಸುವಾಗ ಹತ್ತು ಡಿಗ್ರಿಯಷ್ಟು ತಗ್ಗಬಹುದು. ಅದರೊಂದಿಗೆ ಕ್ಯಾಮೆರಾವೂ ತಗ್ಗಿ ನೆಲ ನೋಡುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಹಾರುವ ಡ್ರೋನಿಗೆ, ಮೂತಿ ಮಟ್ಟವಾಗಿದ್ದಾಗ ಚಿತ್ರದ ಕೆಳ ಅಂಚಿನಲ್ಲಿ 2.7 ಮೀಟರ್ ಮುಂದಿನ ನೆಲ ಕಾಣುತ್ತದೆ. ಹತ್ತು ಡಿಗ್ರಿ ತಗ್ಗಿದಾಗ ಎರಡು ಮೀಟರಿಗೂ ಈಚಿನ ನೆಲ ಕಾಣುತ್ತದೆ. ನೆಲವನ್ನೇ ಗೋಡೆ ಎಂದು ಬಗೆದ ಡ್ರೋನ್ ಹೊರಟ ಕೂಡಲೇ ನಿಲ್ಲುತ್ತದೆ. ನಿಂತಾಗ ಮೂತಿ ಮೇಲಾಗಿ ನೆಲ ಮರೆಯಾಗುತ್ತದೆ. ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಬಯಲಿನಲ್ಲಿ ಏನೂ ಅಡ್ಡವಿಲ್ಲದಾಗಲೂ ಡ್ರೋನ್ ಹೀಗೆ ಮುಗ್ಗರಿಸುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪರಿಹಾರ, ಚಿತ್ರದ ನಡುವಿನ ಅಡ್ಡಪಟ್ಟಿಯೊಂದನ್ನು ಮಾತ್ರ ನೋಡುವುದು, ಮತ್ತು ಡ್ರೋನ್ ಎಷ್ಟು ವಾಲಿದೆ ಎಂದು ಆಟೋಪೈಲಟ್‌ನಿಂದಲೇ ಕೇಳಿಕೊಂಡು ಆ ಪಟ್ಟಿಯನ್ನು ಸದಾ ದಿಗಂತದ ಮಟ್ಟಕ್ಕೆ ಜರುಗಿಸುತ್ತಿರುವುದು.

ಈ 72 ಅಂಕಿಗಳಲ್ಲಿ ಎರಡು ವಿಶೇಷ ಬೆಲೆಗಳಿಗೆ ಜಾಗವಿದೆ. ಆ ಬೀಸಿನಲ್ಲಿ ವ್ಯಾಪ್ತಿಯೊಳಗೆ ಏನೂ ಇಲ್ಲ ಎಂದು ಕ್ಯಾಮೆರಾ ಕಂಡುಕೊಂಡಿದ್ದರೆ ಗರಿಷ್ಠ ದೂರಕ್ಕೆ ಒಂದು ಸೇರಿಸಿ ಕಳಿಸಬೇಕು. 8 ಮೀಟರ್ ಗರಿಷ್ಠವಾದರೆ `801`. ಅಲ್ಲಿ ಏನಿದೆಯೋ ಗೊತ್ತಿಲ್ಲ ಎಂದಾದರೆ `65535` ಕಳಿಸಬೇಕು. ಮೊದಲನೆಯದು "ನೋಡಿದೆ, ಖಾಲಿ ಇದೆ". ಎರಡನೆಯದು "ನೋಡಲು ಆಗಲಿಲ್ಲ". ಇವೆರಡನ್ನು ಬೆರೆಸಿಬಿಟ್ಟರೆ ಡ್ರೋನ್ ಕಣ್ಣು ಕಟ್ಟಿಕೊಂಡು ಧೈರ್ಯವಾಗಿ ಮುಂದುವರಿಯುತ್ತದೆ.

ಬೆರೆಸುವುದು ಬಹಳ ಸುಲಭ. ಹೊಂದಾಣಿಕೆ ಸಿಗದ ಬಿಂದುವಿಗೆ ಕ್ಯಾಮೆರಾ ಸೊನ್ನೆ ಬರೆಯುತ್ತದೆ. ಪರದೆಯ ಮೇಲೆ ಅದು ಕಪ್ಪು ಕಲೆಯಾಗಿ ಕಾಣುತ್ತದೆ. ಹತ್ತಿರದ ವಸ್ತು ಹುಡುಕುವ ಪ್ರೋಗ್ರಾಮು ಸೊನ್ನೆಗಳನ್ನು ಎಸೆದು ಉಳಿದವುಗಳಲ್ಲಿ ಚಿಕ್ಕದನ್ನು ಆರಿಸುತ್ತದೆ. ಇಡೀ ಬೀಸು ಸೊನ್ನೆಯಾಗಿದ್ದರೆ ಆರಿಸಲು ಏನೂ ಉಳಿಯುವುದಿಲ್ಲ, ಹಾಗಾಗಿ "ಏನೂ ಇಲ್ಲ" ಎಂದು ಕಳಿಸಿಬಿಡುತ್ತದೆ. ಆ ಕಪ್ಪು ಕಲೆಯ ಹಿಂದೆ ಗೋಡೆಯೇ ಇರಬಹುದು.

ಕಲೆಗಳು ಯಾವಾಗ ಬರುತ್ತವೆ ಎಂಬುದು ಎರಡು ಕಣ್ಣುಗಳ ಕೆಲಸವನ್ನು ನೆನೆದರೆ ತಿಳಿಯುತ್ತದೆ. ಗುರುತೇ ಇಲ್ಲದ ಮೈಯಲ್ಲಿ ಏನನ್ನು ಹುಡುಕಬೇಕು? ಸುಣ್ಣ ಬಳಿದ ಗೋಡೆ ಹೀಗೆ ಮರೆಯಾಗುತ್ತದೆ. ಅದಕ್ಕಾಗಿಯೇ ಡಿ435ರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನು ಎದುರಿಗೆ ಚೆಲ್ಲುವ ದೀಪವೊಂದಿದೆ. ಕೋಣೆಯೊಳಗೆ ಅದು ಬೋಳು ಗೋಡೆಗೂ ಗುರುತು ಹಚ್ಚುತ್ತದೆ. ನಡುಹಗಲ ಬಿಸಿಲಿನಲ್ಲಿ ಆ ಚುಕ್ಕೆಗಳು ತೊಳೆದುಹೋಗುತ್ತವೆ. ಗಾಜು, ನಿಂತ ನೀರು ತಮ್ಮ ಹಿಂದಿನದನ್ನೋ ಪ್ರತಿಬಿಂಬವನ್ನೋ ತೋರಿಸಿ ದಾರಿ ತಪ್ಪಿಸುತ್ತವೆ. ಸಂಜೆಯ ಸೂರ್ಯ ನೇರ ಎದುರಿಗಿದ್ದರೆ ಚಿತ್ರದ ದೊಡ್ಡ ಭಾಗ ಬಿಳಿಚಿಕೊಳ್ಳುತ್ತದೆ. ಕಾಲು ಮೀಟರಿಗಿಂತ ಹತ್ತಿರ ಬಂದ ವಸ್ತು ಎರಡು ಚಿತ್ರಗಳ ನಡುವೆ ಅತಿಯಾಗಿ ಸರಿದು ಹುಡುಕಾಟದ ಮಿತಿಯನ್ನೇ ದಾಟಿಬಿಡುತ್ತದೆ. ಅಂದರೆ ಅತ್ಯಂತ ಅಪಾಯದ ಕ್ಷಣದಲ್ಲೇ ಅದು ಕಣ್ಮರೆ. ಈ ವಿಷಯದಲ್ಲಿ ಅಡಿಕೆ ತೋಟ ಕ್ಯಾಮೆರಾಕ್ಕೆ ಅನುಕೂಲದ ಜಾಗ. ಉಂಗುರ ಉಂಗುರವಾದ ಕಾಂಡ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕಲ್ಲುಹೂವಿನ ಮಚ್ಚೆ, ಎಲ್ಲ ಕಡೆಯೂ ಗುರುತುಗಳೇ.

ಪ್ರತಿ ಬೀಸಿನಲ್ಲೂ ದೂರ ಸಿಕ್ಕ ಬಿಂದುಗಳ ಪಾಲು ಎಷ್ಟು ಎಂದು ಎಣಿಸುವುದು ಇದಕ್ಕೆ ಮದ್ದು. ಅರ್ಧಕ್ಕಿಂತ ಹೆಚ್ಚು ಸೊನ್ನೆಯಾಗಿದ್ದರೆ ಆ ಬೀಸು "ಗೊತ್ತಿಲ್ಲ" ಆಗಲಿ. ಮುಂದಿನ ದಾರಿಯ ಬೀಸುಗಳೆಲ್ಲ "ಗೊತ್ತಿಲ್ಲ" ಆದರೆ ಡ್ರೋನ್ ನಿಲ್ಲಲಿ. ಈ ನಿಲುಗಡೆಯನ್ನು ಎರಡನೆಯ ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಬರೆದೇ ತೀರಬೇಕು. "ಗೊತ್ತಿಲ್ಲ" ಎಂಬ ಅಂಕಿಯನ್ನು ಕಂಡು ಆಟೋಪೈಲಟ್ ತಾನಾಗಿ ನಿಲ್ಲುತ್ತದೆ ಎಂದು ಕೂರುವ ಹಾಗಿಲ್ಲ.

ಇದಕ್ಕಿಂತ ಕೆಟ್ಟ ತಪ್ಪು ಒಂದಿದೆ, ಅದು ತಂತಿ. ಪಂಪ್‌ಸೆಟ್ಟಿಗೆ ಎಳೆದ 1 ಸೆಂ.ಮೀ. ದಪ್ಪದ ವಯರು 2.6 ಮೀಟರ್ ದೂರದಲ್ಲಿ, ಅಂದರೆ ಮೇಲಿನ ಲೆಕ್ಕದಲ್ಲಿ ಬ್ರೇಕಿನ ನಿರ್ಧಾರ ಆಗಲೇಬೇಕಾದ ದೂರದಲ್ಲಿ, ಚಿತ್ರದಲ್ಲಿ ಎರಡು ಪಿಕ್ಸೆಲ್ ಕೂಡ ತುಂಬುವುದಿಲ್ಲ. ಕ್ಯಾಮೆರಾ ಒಂಟಿ ಪಿಕ್ಸೆಲ್ ಅನ್ನು ಹುಡುಕುವುದಿಲ್ಲ. ಅದರ ಸುತ್ತಲಿನ ಹಲವು ಪಿಕ್ಸೆಲ್‌ಗಳ ಚೌಕವನ್ನೇ ಒಟ್ಟಾಗಿ ಹೊಂದಿಸುತ್ತದೆ. ಆ ಚೌಕದಲ್ಲಿ ತಂತಿಗಿಂತ ಹಿಂದಿನ ಎಲೆಗಳ ಪಾಲೇ ಹೆಚ್ಚು. ಹಾಗಾಗಿ ತಂತಿ ಇರುವಲ್ಲಿ ಕಪ್ಪು ಕಲೆ ಕೂಡ ಬರುವುದಿಲ್ಲ, ಎಂಟು ಮೀಟರ್ ಹಿಂದಿನ ಎಲೆಯ ದೂರವೇ ಬಂದು ಕೂರುತ್ತದೆ. ಕಲೆಗಳನ್ನು ಎಣಿಸಿ ಇದನ್ನು ಹಿಡಿಯಲಾಗದು.

ತಂತಿ ಅಡ್ಡಲಾಗಿದ್ದರೆ ತೊಂದರೆ ಇನ್ನೊಂದು ಬಗೆಯದು. ಎರಡು ಕಣ್ಣುಗಳು ಅಕ್ಕಪಕ್ಕ ಇರುವುದರಿಂದ ಹುಡುಕಾಟವೂ ಅಡ್ಡಡ್ಡವಾಗಿಯೇ ನಡೆಯುತ್ತದೆ, ಮತ್ತು ಅಡ್ಡ ತಂತಿಯ ಉದ್ದಕ್ಕೂ ಎಲ್ಲ ಬಿಂದುಗಳೂ ಒಂದೇ ಥರ. ಯಾವುದು ಯಾವುದಕ್ಕೆ ಜೋಡಿ ಎಂದು ಹೇಳಲು ಆಧಾರವೇ ಇಲ್ಲ. ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಲಂಬವಾಗಿ ಕಟ್ಟಿದರೆ ಅಡ್ಡ ತಂತಿ ಹೆಚ್ಚು ಚೆನ್ನಾಗಿ ಸಿಗುತ್ತದೆ, ಆದರೆ ನೋಟದ ಅಗಲ 87ರಿಂದ 58 ಡಿಗ್ರಿಗೆ ಇಳಿಯುತ್ತದೆ. ಮರಗಳ ಸಾಲಿನಲ್ಲಿ ಅಷ್ಟು ಅಗಲ ಕಳೆದುಕೊಳ್ಳುವುದು ದುಬಾರಿ. ಕೊನೆಗೆ ಉಳಿಯುವ ನೇರ ದಾರಿ ಎಂದರೆ, ಹಾರಿಸುವ ಮುನ್ನ ಒಬ್ಬರು ಸಾಲಿನುದ್ದಕ್ಕೂ ನಡೆದು ತಂತಿ, ಹಗ್ಗ, ಬಟ್ಟೆ ಒಣಹಾಕುವ ನೇಲೆ ಇರುವ ಸಾಲುಗಳನ್ನು ಹಾರಾಟದ ನಕ್ಷೆಯಿಂದ ತೆಗೆದುಹಾಕುವುದು.

ಅಡಚಣೆ ಕಂಡಿತು ಎಂದುಕೊಳ್ಳೋಣ. ಮುಂದೇನು? ಆರ್ಡುಪೈಲಟ್‌ನಲ್ಲಿ ಎರಡು ಬಗೆಯ ಉತ್ತರಗಳಿವೆ. ಒಂದು, ಅಂತರ ಕಾಯ್ದುಕೊಂಡು ನಿಲ್ಲುವುದು. ಇನ್ನೊಂದು, `OA_TYPE` ಎಂಬ ಆಯ್ಕೆಯಿಂದ ಚಾಲೂ ಆಗುವ, ಸುತ್ತಿ ಹೋಗುವ ದಾರಿ ಹುಡುಕುವ ಕ್ರಮ. ಇದು ಗುರಿಯ ದಿಕ್ಕಿನಿಂದ ಆರಂಭಿಸಿ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡಿ, ಸಾಕಷ್ಟು ತೆರವಿರುವ ದಿಕ್ಕನ್ನು ಆರಿಸುತ್ತದೆ. ನಿಲ್ಲುವ ಕ್ರಮಕ್ಕೆ ಎಷ್ಟು ಅಂತರ ಎಂದು ಹೇಳುವ ಅಂಕಿ `AVOID_MARGIN`. ತಂತ್ರಾಂಶದ ಜೊತೆಗೇ ಬರುವ ಬೆಲೆ 2 ಮೀಟರ್. ಅಡಿಕೆ ಸಾಲಿಗೆ ಇದನ್ನು ಹಾಗೇ ಬಿಟ್ಟರೆ ಡ್ರೋನಿಗೆ ಎರಡೂ ಬದಿ ಸೇರಿ 4 ಮೀಟರ್ ದಾರಿ ಬೇಕಾಗುತ್ತದೆ, ಇರುವುದು 2.55. ಎಲ್ಲ ಸರಿಯಿದ್ದೂ ಡ್ರೋನ್ ಸಾಲಿನ ಬಾಯಲ್ಲೇ ನಿಂತುಬಿಡುತ್ತದೆ. 1 ಮೀಟರಿಗೆ ಇಳಿಸಿದರೆ ಬೇಕಾದದ್ದು 2 ಮೀಟರ್. ಆಗ ಎರಡೂ ಕಡೆ 27 ಸೆಂ.ಮೀ. ಆಚೀಚೆ ಸರಿದಾಡಲು ಸಿಗುತ್ತದೆ, ರೆಕ್ಕೆಯ ತುದಿಗೂ ಮರಕ್ಕೂ 60 ಸೆಂ.ಮೀ. ಅಂತರ ಉಳಿಯುತ್ತದೆ. ಗಾಳಿ ಬೀಸಿದಾಗ ಡ್ರೋನ್ ಈ 27 ಸೆಂ.ಮೀ.ಗಿಂತ ಹೆಚ್ಚು ಓಲಾಡಿದರೆ ಆ ದಿನ ಆ ಸಾಲಿಗೆ ಅದು ತಕ್ಕದ್ದಲ್ಲ.

ಸುತ್ತಿ ಹೋಗುವಾಗ ಮರೆಯಬಾರದ ಸಂಗತಿ, ಕ್ಯಾಮೆರಾ ಒಂದೇ ಕಡೆ ನೋಡುತ್ತದೆ ಎಂಬುದು. 87 ಡಿಗ್ರಿಯ ಆಚೆಗೆ ಡ್ರೋನ್ ಕುರುಡು. ನಾಲ್ಕು ರೆಕ್ಕೆಯ ಡ್ರೋನ್ ಪಕ್ಕಕ್ಕೂ ಹಿಂದಕ್ಕೂ ಸರಾಗವಾಗಿ ಹಾರಬಲ್ಲದು, ಅದೇ ಇಲ್ಲಿ ಅಪಾಯ. ಮೊದಲು ಮೂತಿ ತಿರುಗಿಸಿ, ನೋಡಿ, ಆಮೇಲೆ ಮಾತ್ರ ಆ ಕಡೆ ಸರಿಯುವಂತೆ ಕಟ್ಟುಪಾಡು ಬೇಕು.

ನೋಡಿದ ಜಾಗದಲ್ಲಷ್ಟೇ ತಿರುಗಬೇಕು ಎಂಬ ಈ ನಿಯಮವನ್ನು ಅತಿ ಚಿಕ್ಕ ಯಂತ್ರದಲ್ಲಿ ಸಾಧಿಸಿ ತೋರಿಸಿದವರು ನೆದರ್‌ಲ್ಯಾಂಡಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು. ಅವರ ಡೆಲ್‌ಫ್ಲೈ ಎಕ್ಸ್‌ಪ್ಲೋರರ್ ರೆಕ್ಕೆ ಬಡಿದು ಹಾರುವ 20 ಗ್ರಾಂ ತೂಕದ ಡ್ರೋನ್. ಅದರ ಎರಡು ಕಣ್ಣು, ಲೆಕ್ಕ ಹಾಕುವ ಚಿಪ್ಪು ಎಲ್ಲ ಸೇರಿದ ದೃಷ್ಟಿ ವ್ಯವಸ್ಥೆಯ ತೂಕ 4 ಗ್ರಾಂ. ನಿಧಾನವಾಗಿ ಮುಂದೆ ಸಾಗುತ್ತಲೇ ಇರುವ ಯಂತ್ರವಿದು, ಬ್ರೇಕ್ ಹಾಕಿ ನಿಂತು ಯೋಚಿಸುವಂತಿಲ್ಲ. ಅದಕ್ಕಾಗಿ ಅವರು ಎದುರಿಗೆ ನೀರಿನ ಹನಿಯ ಆಕಾರದ ಒಂದು ಜಾಗವನ್ನು ಕಲ್ಪಿಸಿಕೊಂಡರು. ಹನಿಯ ಚೂಪು ತುದಿ ಡ್ರೋನಿನ ಬಳಿ. ದುಂಡು ಭಾಗ, ಒಂದು ಪೂರ್ತಿ ಸುತ್ತು ತಿರುಗಲು ಸಾಕಾಗುವಷ್ಟು ದೊಡ್ಡದು. ಹನಿ ತೆರವಾಗಿರುವವರೆಗೆ ನೇರ ಹಾರಾಟ. ಏನಾದರೂ ಅದರೊಳಗೆ ಬಂದ ಕೂಡಲೇ, ತೆರವಾಗಿದೆ ಎಂದು ಈಗಾಗಲೇ ಕಂಡಿದ್ದ ದುಂಡಿನೊಳಗೆ ಡ್ರೋನ್ ತಿರುಗತೊಡಗುತ್ತದೆ, ಹೊಸ ತೆರವು ಸಿಗುವವರೆಗೂ ತಿರುಗುತ್ತದೆ.

ಕ್ಯಾಮೆರಾ ಕಟ್ಟಿದ ಮೇಲೆ ಬರುವ ಒಂದು ತೊಂದರೆಗೂ ನೋಟಕ್ಕೂ ಸಂಬಂಧವಿಲ್ಲ, ಆದರೆ ಬಹಳ ಮಂದಿಯನ್ನು ಅದು ಕಾಡಿದೆ. ಡೆಪ್ತ್ ಕ್ಯಾಮೆರಾ ಯುಎಸ್‌ಬಿ 3 ಕೇಬಲ್ ಮೂಲಕ ಕೆಲಸ ಮಾಡುತ್ತದೆ. ಆ ಕೇಬಲ್ಲು, ಕನೆಕ್ಟರು ಹೊರಸೂಸುವ ರೇಡಿಯೊ ಗದ್ದಲ ಜಿಪಿಎಸ್‌ನ ಕ್ಷೀಣ ಸಂಕೇತವನ್ನು ಮುಚ್ಚಿಬಿಡಬಲ್ಲದು. ಪತ್ತೆ ಹಚ್ಚುವುದು ಸುಲಭ: ಬಯಲಿನಲ್ಲಿ ಡ್ರೋನನ್ನು ನೆಲದ ಮೇಲಿಟ್ಟು ಎಷ್ಟು ಉಪಗ್ರಹ ಸಿಕ್ಕಿವೆ ಎಂದು ನೋಡಬೇಕು, ನಂತರ ಕ್ಯಾಮೆರಾ ಚಾಲೂ ಮಾಡಬೇಕು. ಸಂಖ್ಯೆ ಥಟ್ಟನೆ ಬಿದ್ದರೆ ಕಾರಣ ಸಿಕ್ಕಿತು. ಜಿಪಿಎಸ್ಸನ್ನು ಕಂಬದ ಮೇಲೆ ದೂರಕ್ಕೆ ಏರಿಸುವುದು, ಕೇಬಲ್ಲಿಗೆ ತಾಮ್ರದ ಟೇಪು ಸುತ್ತುವುದು, ಚಿಕ್ಕದಾದ ಒಳ್ಳೆಯ ಕೇಬಲ್ಲು ಬಳಸುವುದು ರೂಢಿಯ ಉಪಾಯಗಳು. ಅಡಿಕೆ ಮರದ ಕೆಳಗೆ ಜಿಪಿಎಸ್ ಮೊದಲೇ ಸೊರಗಿರುವುದರಿಂದ, ಕೆಳಮುಖವಾಗಿ ನೆಲದ ಚಲನೆಯನ್ನು ಅಳೆಯುವ ಸೆನ್ಸರೊಂದು ಜೊತೆಗಿದ್ದರೆ ಮಾತ್ರ ಡ್ರೋನಿಗೆ ತನ್ನ ವೇಗ ಸರಿಯಾಗಿ ತಿಳಿದೀತು. ವೇಗ ತಿಳಿಯದ ಡ್ರೋನಿನಲ್ಲಿ ಬ್ರೇಕಿನ ಲೆಕ್ಕವೇ ನಿಲ್ಲುವುದಿಲ್ಲ.

ಪರೀಕ್ಷೆ ನೆಲದಿಂದ ಆರಂಭವಾಗಬೇಕು, ಮೊದಲು ರೆಕ್ಕೆಗಳನ್ನು ಬಿಚ್ಚಿಟ್ಟು. ಮಿಷನ್ ಪ್ಲಾನರ್ ಎಂಬ ತಂತ್ರಾಂಶದಲ್ಲಿ ಸುತ್ತಲಿನ ಅಡಚಣೆಗಳನ್ನು ದಿಕ್ಕುವಾರು ತೋರಿಸುವ ಕಿಟಕಿಯೊಂದಿದೆ. ಅದನ್ನು ತೆರೆದಿಟ್ಟು, ಡ್ರೋನನ್ನು ಕೈಯಲ್ಲಿ ಹಿಡಿದು ಸಾಲಿನ ನಡುವೆ ನಡೆಯಬೇಕು. ಟೇಪು ಹಿಡಿದು ಅಳೆದ 1, 2, 3 ಮೀಟರ್ ದೂರಗಳು ಪರದೆಯಲ್ಲೂ ಹಾಗೇ ಬರುತ್ತವೆಯೇ, ಎಡಗಡೆಯ ಮರ ಎಡಗಡೆಯೇ ಕಾಣುತ್ತದೆಯೇ, ಮೂತಿ ತಗ್ಗಿಸಿದಾಗ ನೆಲ ಮರವಾಗಿ ಮೂಡುತ್ತದೆಯೇ ಎಂದು ನೋಡಬೇಕು. ಲೆನ್ಸನ್ನು ಅಂಗೈಯಿಂದ ಮುಚ್ಚಬೇಕು. ಆಗ ಪರದೆ "ಖಾಲಿ" ಎಂದರೆ ಪ್ರೋಗ್ರಾಮಿನಲ್ಲಿ ಆ ಹಳೆಯ ಬೆರಕೆ ಇದೆ ಎಂದರ್ಥ, ಅದನ್ನು ತಿದ್ದುವವರೆಗೆ ರೆಕ್ಕೆ ಹಾಕಬಾರದು.

ಮೊದಲ ಹಾರಾಟ ಬಯಲಿನಲ್ಲಿ. ತಾಗಿದರೂ ಕೆಡದಂತೆ ಎರಡು ಬಿದಿರಿನ ಗಳಗಳ ನಡುವೆ ಮಾಸಲು ಬಣ್ಣದ, ಚಿತ್ತಾರವಿರುವ ಬೆಡ್‌ಶೀಟನ್ನು ಕಟ್ಟಿ ಅದರತ್ತ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಕಳಿಸಬೇಕು, ಆಮೇಲೆ 2 ಮೀಟರ್ ವೇಗದಲ್ಲಿ. ಪ್ರತಿ ಸಲವೂ ಹಾರಾಟದ ಲಾಗ್ ತೆರೆದು, ಬಟ್ಟೆ 2.6 ಮೀಟರ್ ದೂರದಲ್ಲಿ ಎಂದು ದಾಖಲಾದ ಕ್ಷಣದಿಂದ ಡ್ರೋನ್ ಪೂರ್ತಿ ನಿಲ್ಲುವವರೆಗೆ ಎಷ್ಟು ದೂರ ಸಾಗಿತು ಎಂದು ಓದಬೇಕು. ಲೆಕ್ಕ ಹೇಳಿದ್ದು 1.6 ಮೀಟರ್. ಲಾಗ್‌ನಲ್ಲಿ 2 ಮೀಟರ್ ಎಂದಿದ್ದರೆ ಸಂದೇಶ ತಲುಪುವಲ್ಲಿ 0.3 ಸೆಕೆಂಡಿನ ಬದಲು 0.5 ಸೆಕೆಂಡ್ ಕಳೆಯುತ್ತಿದೆ, ಅಥವಾ ಬ್ರೇಕ್ ಅಂದುಕೊಂಡಷ್ಟು ಬಿಗಿಯಾಗಿಲ್ಲ. ತಡವೇ ಕಾರಣವಾಗಿದ್ದರೆ ಅದೇ 1.6 ಮೀಟರಿನೊಳಗೆ ನಿಲ್ಲಲು ವೇಗ ಸೆಕೆಂಡಿಗೆ ಸುಮಾರು 1.7 ಮೀಟರಿಗೆ ಇಳಿಯಬೇಕು. ತೋಟದೊಳಗೆ ಹೋಗುವ ಡ್ರೋನಿಗೆ ಗರಿಷ್ಠ ವೇಗವಾಗಿ ಹಾಕಬೇಕಾದದ್ದು ಈ ಎರಡನೆಯ ಅಂಕಿಯನ್ನೇ.